ಸ್ಪ್ಯಾನಿಷ್‌ನ ಎರಡು ಫ್ಯೂಚರ್‌ಗಳು, ಮತ್ತೆ ಈಗಿನ ವಿಷ್ಯ ಊಹೆ ಮಾಡೋಕೆ ಫ್ಯೂಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದ್ಲೇ ಒಂದು ಮಾತು. ಸ್ಪ್ಯಾನಿಷ್ ವಾಕ್ಯಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಲೇ, ಕಿವಿಗೆ ಹೇಗೆ ಕೇಳುತ್ತೋ ಹಾಗೇ ಬರೆದಿದೀನಿ, ಅದಕ್ಕೇ ವೀ ಅಕ್ಷರ ಇರೋ ಕಡೆ ‘ಬ’ ಕಾಣುತ್ತೆ, ಹೆಚ್ ಎಲ್ಲೂ ಕಾಣಲ್ಲ. ಕೊನೇಲಿ ದೀರ್ಘ ಇದ್ರೆ (ಸೆರಾ, ಎಸ್ತರಾ ಥರ) ಒತ್ತು ಅಲ್ಲಿ ಬೀಳುತ್ತೆ ಅಂತ ಅರ್ಥ.

ಎರಡು ಫ್ಯೂಚರ್ ಅಂದ್ರೆ ಯಾವ್ಯಾವ್ದು?

ಒಂದು ‘ಇರ್ ಆ’ ಫ್ಯೂಚರ್. ಇರ್ ಅಂದ್ರೆ ಹೋಗೋದು (ನಮ್ಮ ‘ಇರು’ಗೂ ಇದಕ್ಕೂ ಸಂಬಂಧ ಇಲ್ಲ, ಮೊದಲ ವಾರ ಎಲ್ರಿಗೂ ತಲೆ ಕೆಡುತ್ತೆ). ಅದರ ವರ್ತಮಾನ ರೂಪ ಬೊಯ್, ಬಾಸ್, ಬಾ, ಬಾಮೊಸ್, ಬಾಯಿಸ್, ಬಾನ್ ತಗೊಂಡು, ಮುಂದೆ ಒಂದು ‘ಆ’ ಹಾಕಿ, ಕ್ರಿಯಾಪದದ ಮೂಲರೂಪನ ಹಾಗೇ ಇಟ್ರೆ ಆಯ್ತು. ಬೊಯ್ ಆ ಕೊಮೆರ್, ತಿಂತೀನಿ.

ಇನ್ನೊಂದು ಸಿಂಪಲ್ ಫ್ಯೂಚರ್, ಒಂದೇ ಪದದ್ದು. ಮೂಲರೂಪ ಪೂರ್ತಿ ಇಟ್ಕೊಂಡು ಅದರ ಬಾಲಕ್ಕೆ ಏ, ಆಸ್, ಆ, ಎಮೊಸ್, ಏಯಿಸ್, ಆನ್ ಸೇರಿಸೋದು: ಕೊಮೆರೇ, ಕೊಮೆರಾಸ್, ಕೊಮೆರಾ. ಅರ್, ಎರ್, ಇರ್ ಮೂರೂ ಗುಂಪಿಗೆ ಬಾಲ ಒಂದೇ. ಈ ಬಾಲ ಎಲ್ಲಿಂದ ಬಂತು ಅಂದ್ರೆ, ಹಳೇ ಲ್ಯಾಟಿನ್ ಆಡುಮಾತಲ್ಲಿ ಕ್ರಿಯಾಪದ ಆದ್ಮೇಲೆ ‘ನನಗಿದೆ’ ಅನ್ನೋ ಅರ್ಥದ ಹಬೇರೆ ಹಾಕ್ತಿದ್ರು, ಹಾಡೋದು ನನಗಿದೆ ಅನ್ನೋ ಥರ. ಅದೇ ಸವೆದು ಅಂಟ್ಕೊಂಡು ಬಾಲ ಆಗಿದೆ. ಹಾಗಾಗಿ ಆ ಹಬೇರೆಯಿಂದಲೇ ಬಂದಿರೋ ಅಬೆರ್ ಕ್ರಿಯಾಪದದ ಎ, ಆಸ್, ಆ, ಎಮೊಸ್ ಗೊತ್ತಿದ್ರೆ ಈ ಬಾಲನ ಹೊಸದಾಗಿ ಉರು ಹೊಡೆಯೋದು ಬೇಕಾಗಿಲ್ಲ.

ಬುಡ ಬದಲಾಗೋ ಕ್ರಿಯಾಪದ ಒಂದು ಹತ್ತು ಹನ್ನೆರಡು ಇದಾವೆ: ತೆನೆರ್‌ಗೆ ತೆಂದ್ರಾ, ಪೊದೆರ್‌ಗೆ ಪೊದ್ರಾ, ಸಬೆರ್‌ಗೆ ಸಬ್ರಾ, ಅಬೆರ್‌ಗೆ ಅಬ್ರಾ, ಕೆರೆರ್‌ಗೆ ಕೆರ್‍ರಾ, ಅಸೆರ್‌ಗೆ ಅರಾ, ದೆಸಿರ್‌ಗೆ ದಿರಾ, ಇನ್ನು ಬೆನಿರ್, ಸಲಿರ್, ಪೊನೆರ್ ಹೀಗೇ. ಇವುಗಳಲ್ಲಿ ತೆಂದ್ರಾ ಮತ್ತೆ ಅಬ್ರಾ ಎರಡನ್ನ ಮೊದ್ಲು ಕಲೀರಿ, ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ಮಾತಾಡುವಾಗ ಯಾವ್ದು ಬಳಸ್ಲಿ?

ನಾಳೆ, ಮುಂದಿನ ವಾರ, ಮುಂದೆ ಏನಾಗುತ್ತೆ ಅಂತ ಹೇಳೋಕೆ ‘ಇರ್ ಆ’ ಹಾಕಿ, ತಪ್ಪಾಗೋದು ತೀರಾ ಕಮ್ಮಿ. ಲ್ಯಾಟಿನ್ ಅಮೆರಿಕದಲ್ಲಂತೂ ಮಾತಲ್ಲಿ ಇದೇ ರಾಜ. ಸ್ಪೇನ್‌ನಲ್ಲೂ ಮಾತಲ್ಲಿ ಇದೇ ಜಾಸ್ತಿ, ಆದ್ರೆ ಸಿಂಪಲ್ ಫ್ಯೂಚರ್ ಅಲ್ಲಿ ಸ್ವಲ್ಪ ಹೆಚ್ಚಾಗಿ ಕಿವಿಗೆ ಬೀಳುತ್ತೆ. ದಿನ, ಟೈಮು ಫಿಕ್ಸ್ ಆಗಿದ್ರೆ ಬರೀ ವರ್ತಮಾನನೇ ಸಾಕು, ಮನ್ಯಾನ ಬೊಯ್ ಅಲ್ ಮೇದಿಕೊ, ನಾಳೆ ಡಾಕ್ಟರ್ ಹತ್ರ ಹೋಗ್ತೀನಿ. ನಾವೂ ಹಾಗೇ ತಾನೆ ಹೇಳೋದು.

ಹಾಗಾದ್ರೆ ಸಿಂಪಲ್ ಫ್ಯೂಚರ್ ಎಲ್ಲಿ? ಪೇಪರಲ್ಲಿ, ಹವಾಮಾನ ಸುದ್ದಿಲಿ, ಕಾನೂನಿನ ಭಾಷೇಲಿ, ಮಾತು ಕೊಡುವಾಗ, ‘ಯಾ ಬೆರೆಮೊಸ್’ (ನೋಡೋಣ ಬಿಡಿ) ಥರದ ಜಾರ್ಕೊಳ್ಳೋ ಮಾತಲ್ಲಿ. ಇದೆಲ್ಲ ಸರಿ, ಆದ್ರೆ ಮನೆ ಮಾತಲ್ಲಿ ಅದು ದಿನಕ್ಕೆ ಹತ್ತು ಸಲ ಬರೋದು ಬೇರೆ ಕಾರಣಕ್ಕೆ, ಈಗ ನಡೀತಿರೋದನ್ನ ಊಹೆ ಮಾಡೋಕೆ. ತುಂಬಾ ಪಠ್ಯಪುಸ್ತಕಗಳು ಇದನ್ನ ಕೊನೇ ಪಾಠದ ಅಡಿಟಿಪ್ಪಣಿ ಥರ ಇಡ್ತಾವೆ. ನನ್ನ ಕೇಳಿದ್ರೆ ಅದು ಉಲ್ಟಾ. ಸಿಂಪಲ್ ಫ್ಯೂಚರ್ ಕಲಿಯೋದೇ ಊಹೆಗೆ, ಉಳಿದಿದ್ದು ಆಮೇಲೆ.

ಹತ್ರದ್ದಕ್ಕೆ ‘ಇರ್ ಆ’, ದೂರದ್ದಕ್ಕೆ ಸಿಂಪಲ್ ಅಂತ ಕ್ಲಾಸಲ್ಲಿ ಹೇಳ್ತಾರಲ್ಲ?

ಅರ್ಧ ಸತ್ಯ. ‘ದೆಂತ್ರೊ ದೆ ದಿಯೇಸ್ ಆನ್ಯೊಸ್ ಬೊಯ್ ಆ ತೆನೆರ್ ಕ್ವಾರೆಂತ’, ಇನ್ನ ಹತ್ತು ವರ್ಷಕ್ಕೆ ನನಗೆ ನಲವತ್ತಾಗುತ್ತೆ, ಇದು ಸರಿಯಾದ ವಾಕ್ಯನೇ, ಹತ್ತು ವರ್ಷ ದೂರ ಇದ್ರೂ. ಎಷ್ಟು ದೂರ ಅನ್ನೋದಕ್ಕಿಂತ, ಆಗೋದರ ಬೇರು ಈಗಲೇ ಕಣ್ಣಿಗೆ ಕಾಣ್ತಿದೆಯಾ ಅನ್ನೋದು ಮುಖ್ಯ. ಮಗು ಕುರ್ಚಿ ಮೇಲೆ ಕುರ್ಚಿ ಇಟ್ಕೊಂಡು ಹತ್ತಿದೆ, ಅಲ್ಲಾಡ್ತಿದೆ, ಆಗ ಅಮ್ಮ ಕೂಗೋದು ‘ತೆ ಬಾಸ್ ಆ ಕಾಯೆರ್!’, ಬೀಳ್ತೀಯ ಕಣೋ! ಆ ಜಾಗದಲ್ಲಿ ‘ತೆ ಕಾಯೆರಾಸ್’ ಅಂದ್ರೆ ಜ್ಯೋತಿಷಿ ಭವಿಷ್ಯ ಹೇಳ್ದಂಗಿರುತ್ತೆ. ಮೋಡ ಕಪ್ಪಾಗಿರೋದು ನೋಡಿ ‘ಬಾ ಆ ಯೊಬೆರ್’ ಅಂತಾರೆ, ನಾಳೆ ಉತ್ತರದ ಕಡೆ ಮಳೆ ಅಂತ ಟೀವಿಲಿ ಹೇಳೋರು ‘ಯೊಬೆರಾ’ ಅಂತಾರೆ.

ಬೆಲ್ ಆದ್ರೆ ‘ಕಿಯೆನ್ ಸೆರಾ?’ ಅಂತಾರೆ. ಬಾಗಿಲ ಹತ್ರ ಇರೋರು ಈಗಲೇ ಇದಾರಲ್ಲ, ಫ್ಯೂಚರ್ ಯಾಕೆ?

ಇದೇ ಆ ಊಹೆ ಫ್ಯೂಚರ್. ‘ಕಿಯೆನ್ ಎಸ್?’ ಅಂದ್ರೆ ಯಾರದು, ಬಾಗಿಲ ಆಚೆ ಇರೋರನ್ನೇ ಕೇಳೋದು, ಉತ್ತರ ಬರಬೇಕು. ‘ಕಿಯೆನ್ ಸೆರಾ?’ ಅಂದ್ರೆ ಯಾರಿರ್ಬೋದು, ಸೋಫಾ ಮೇಲೆ ಕೂತಿರೋರು ಒಬ್ಬರಿಗೊಬ್ಬರು ಹೇಳ್ಕೊಳ್ಳೋದು. ಅದಕ್ಕೆ ಉತ್ತರನೂ ಹಾಗೇ, ‘ಸೆರಾ ಲಾ ಬೆಸೀನ’, ಪಕ್ಕದ್ಮನೆಯವರಿರ್ಬೇಕು.

ಕನ್ನಡದವ್ರಿಗೆ ಇದು ಕಷ್ಟ ಆಗೋ ಹಾಗೇ ಇಲ್ಲ. ‘ಅಪ್ಪ ಎಲ್ಲಿ?’ ಅಂದ್ರೆ ‘ಇಷ್ಟೊತ್ತಲ್ಲಿ ಅಂಗಡೀಲಿ ಇರ್ತಾರೆ’ ಅಂತೀವಿ. ಆ ‘ಇರ್ತಾರೆ’ ನಾಳೆಗೂ ಬಳಸ್ತೀವಿ, ಈಗಿನ ಊಹೆಗೂ ಬಳಸ್ತೀವಿ. ‘ಎಸ್ತರಾ ಎನ್ ಲಾ ತಿಯೆಂದ’ ಸರಿಯಾಗಿ ಅದೇ. ಫ್ಯೂಚರ್ ಅನ್ನೋ ಹೆಸರಲ್ಲೇ ಸಿಕ್ಕಾಕೊಂಡು ಒದ್ದಾಡೋರು ಈ ‘ಇರ್ತಾರೆ’ ನೆನೆಸ್ಕೊಂಡ್ರೆ ಸಾಕು.

ವಯಸ್ಸು, ಟೈಮು, ಬೆಲೆ, ಸಂಖ್ಯೆ ಅಂದಾಜು ಹೇಳೋಕೆ ಇದು ತುಂಬಾ ಸಹಜ. ‘ಸೆರಾನ್ ಲಾಸ್ ದಿಯೇಸ್’, ಹತ್ತು ಗಂಟೆ ಆಗಿರುತ್ತೆ. ‘ತೆಂದ್ರಾ ಊನೊಸ್ ಕ್ವಾರೆಂತ ಆನ್ಯೊಸ್’, ನಲವತ್ತರ ಆಸುಪಾಸು ಇರ್ಬೇಕು. ‘ಕ್ವಾಂತೊ ಕೊಸ್ತರಾ?’, ಎಷ್ಟಿರ್ಬೋದು ಬೆಲೆ, ಅಂಗಡಿ ಗಾಜಿನ ಹೊರಗೆ ನಿಂತ್ಕೊಂಡು ಕೇಳೋದು, ಅಂಗಡಿಯವನಿಗಲ್ಲ. ಒಳಗೆ ಹೋಗಿ ಅಂಗಡಿಯವನಿಗೇ ಹಾಗೆ ಕೇಳಿದ್ರೆ ಅವನಿಗೂ ಗೊತ್ತಿಲ್ಲ ಅಂತ ನೀವೇ ಅಂದ್ಕೊಂಡಂಗಾಗುತ್ತೆ, ಅಲ್ಲಿ ‘ಕ್ವಾಂತೊ ಕ್ವೆಸ್ತ?’ ಅನ್ನಿ.

ಒಂದು ಸನ್ನಿವೇಶ ತಗೊಂಡು ಪೂರ್ತಿ ತೋರಿಸಿ, ಯಾವಾಗ ಯಾವ್ದು ಬರುತ್ತೆ ಅಂತ.

ಮ್ಯಾಡ್ರಿಡ್‌ನ ಒಂದು ಮನೆ ಅಂದ್ಕೊಳ್ಳಿ. ಮಗ ದಿನಾ ಎಂಟಕ್ಕೆ ಕೆಲಸದಿಂದ ಬರ್ತಾನೆ, ಈಗ ಒಂಬತ್ತೂವರೆ, ಊಟ ರೆಡಿ, ಫೋನ್ ತಗೀತಿಲ್ಲ. ಅಮ್ಮ ಶುರು ಮಾಡ್ತಾಳೆ.

‘ದೊಂದೆ ಎಸ್ತರಾ?’ ಎಲ್ಲಿದಾನೋ ಏನೋ. ಇಲ್ಲಿ ‘ದೊಂದೆ ಎಸ್ತಾ?’ ಅಂದಿದ್ರೆ ಗಂಡನಿಗೆ ಉತ್ತರ ಗೊತ್ತಿರ್ಬೇಕು ಅಂತ ಅರ್ಥ, ಅವನಿಗೂ ಗೊತ್ತಿಲ್ಲ, ಅದಕ್ಕೇ ಎಸ್ತರಾ.

ಅಪ್ಪ ಟೀವಿ ನೋಡ್ತಾನೇ, ‘ಎಸ್ತರಾ ಎನ್ ಎಲ್ ಮೆತ್ರೊ.’ ಮೆಟ್ರೋಲಿರ್ತಾನೆ ಬಿಡು. ಆಮೇಲೆ ‘ಓ ಎಸ್ತರಾ ತ್ರಬಹಾಂದೊ ತೊದಬೀಯ.’ ಇಲ್ಲಾಂದ್ರೆ ಇನ್ನೂ ಕೆಲಸ ಮಾಡ್ತಿರ್ತಾನೆ. ಗಮನಿಸಿ, ಕೆಲಸ ಮಾಡೋದು ಅನ್ನೋಕೆ ಅವನು ಬರೀ ‘ತ್ರಬಹರಾ’ ಅನ್ಲಿಲ್ಲ. ಅದರ ಬಗ್ಗೆ ಮುಂದಿನ ಪ್ರಶ್ನೇಲಿ ಹೇಳ್ತೀನಿ.

ಫೋನ್ ಯಾಕೆ ತಗೀತಿಲ್ಲ ಅಂದಾಗ ‘ಸೆ ಅಬ್ರಾ ಕೆದಾದೊ ಸಿನ್ ಬತೆರೀಯ.’ ಬ್ಯಾಟರಿ ಮುಗಿದೋಗಿರುತ್ತೆ. ಮುಗಿದಿದ್ದು ಆಗಲೇ, ಆದ್ರೆ ಊಹೆ, ಹಾಗಾಗಿ ಅಬ್ರಾ ಮತ್ತೆ ಕ್ರಿಯಾಪದದ ‘ಆಗಿದೆ’ ರೂಪ. ಕನ್ನಡದ ‘ಮುಗಿದಿರುತ್ತೆ’ ಜೊತೆ ಇಟ್ಟು ನೋಡಿ, ಮುಗಿದು ಅನ್ನೋದು ಕೆದಾದೊ, ಇರುತ್ತೆ ಅನ್ನೋದು ಅಬ್ರಾ. ಕಟ್ಟೋ ರೀತಿನೇ ಒಂದು.

ಅಮ್ಮನಿಗೆ ಸಮಾಧಾನ ಇಲ್ಲ, ‘ನೊ ಲೆ ಅಬ್ರಾ ಪಸಾದೊ ಆಲ್ಗೊ, ಬೆರ್ದಾದ್?’ ಏನೂ ಆಗಿರಲ್ಲ ತಾನೆ? ‘ನೊ’ ಜೊತೆ ಈ ಫ್ಯೂಚರ್ ಬಂದು ಕೊನೇಲಿ ಪ್ರಶ್ನೆ ಇದ್ರೆ ಅಲ್ಲಿ ಭಯ ಇರುತ್ತೆ, ಆಗಬಾರದಪ್ಪ ಅನ್ನೋ ಭಾವ.

ಈಗ ಮೆಸೇಜ್ ಬಂತು: ಆಫೀಸಲ್ಲೇ ಇದೀನಿ, ಹೊರಟೆ, ಹತ್ತಕ್ಕೆ ಬರ್ತೀನಿ. ಮಗ ಬರೆಯೋದು ‘ಯೇಗೊ ಆ ಲಾಸ್ ದಿಯೇಸ್’, ವರ್ತಮಾನ. ಅಮ್ಮ ಗಂಡನಿಗೆ ಹೇಳೋದು ‘ಎಸ್ತಾ ಎನ್ ಲಾ ಒಫಿಸೀನ, ಬಾ ಆ ಯೆಗಾರ್ ಆ ಲಾಸ್ ದಿಯೇಸ್’. ಎಸ್ತರಾ ಮಾಯ ಆಯ್ತು, ಎಸ್ತಾ ಬಂತು, ಯಾಕಂದ್ರೆ ಈಗ ಗೊತ್ತು. ಮುಂದಾಗೋದಕ್ಕೆ ‘ಬಾ ಆ’ ಬಂತು. ಆಮೇಲೂ ‘ಎಸ್ತರಾ ಎನ್ ಲಾ ಒಫಿಸೀನ’ ಅಂದ್ರೆ ಅಮ್ಮ ಮಗನ ಮೆಸೇಜ್ ನಂಬಿಲ್ಲ ಅನ್ನಿಸ್ಬೋದು.

‘ಎಸ್ತರಾ ತ್ರಬಹಾಂದೊ’ ಯಾಕೆ, ‘ತ್ರಬಹರಾ’ ಯಾಕಲ್ಲ?

ಇಲ್ಲೇ ಹೆಚ್ಚು ಜನ ಎಡವೋದು. ಇರೋದು, ಗೊತ್ತಿರೋದು, ಬೇಕಿರೋದು, ಬೆಲೆ ಆಗೋದು ಇಂಥ ಸ್ಥಿತಿ ಹೇಳೋ ಕ್ರಿಯಾಪದಗಳು (ಸೆರ್, ಎಸ್ತಾರ್, ತೆನೆರ್, ಅಬೆರ್, ಸಬೆರ್, ಕೆರೆರ್, ಕೊಸ್ತಾರ್) ಸಿಂಪಲ್ ಫ್ಯೂಚರಲ್ಲಿ ಬಂದ್ರೆ ‘ಈಗ’ ಅನ್ನೋ ಅರ್ಥ ತಾನಾಗೇ ಬರುತ್ತೆ. ಕೆಲಸ, ಕ್ರಿಯೆ ಹೇಳೋ ಪದಗಳು ಹಾಗಲ್ಲ, ಅವು ಒಂಟಿಯಾಗಿ ಬಂದ್ರೆ ಸಾಮಾನ್ಯವಾಗಿ ಮುಂದಾಗೋದು ಅಂತಲೇ ಕೇಳಿಸುತ್ತೆ. ‘ಯೊಬೆರಾ’ ಅಂದ್ರೆ ಮಳೆ ಬರುತ್ತೆ, ಮುಂದೆ. ಕಿಟಕಿ ಮುಚ್ಚಿದೆ, ಆಚೆ ಈಗ ಮಳೆ ಬರ್ತಿರುತ್ತೆ ಅನ್ನೋಕೆ ‘ಎಸ್ತರಾ ಯೊಬಿಯೆಂದೊ’. ‘ದೊರ್ಮಿರಾ’ ಮಲಗ್ತಾನೆ, ‘ಎಸ್ತರಾ ದುರ್ಮಿಯೆಂದೊ’ ಮಲಗಿರ್ತಾನೆ ಈಗ.

ನಮಗೂ ಹೀಗೇ ಅಲ್ವಾ, ‘ಅವನು ಮಲಗ್ತಾನೆ’ ಅಂದ್ರೆ ಊಹೆ ಅನ್ಸಲ್ಲ, ‘ಮಲಗಿರ್ತಾನೆ’ ಅಂದ್ರೆ ಊಹೆ. ಇರು ಬೇಕೇ ಬೇಕು. ಎಲ್ಲಿ ಕನ್ನಡದಲ್ಲಿ ‘-ತಿರ್ತಾನೆ’ ಅಂತ ಬಾಯಿಗೆ ಬರುತ್ತೋ ಅಲ್ಲಿ ಎಸ್ತರಾ ಹಾಕಿ ಕ್ರಿಯಾಪದಕ್ಕೆ ಆಂದೊ ಅಥ್ವಾ ಯೆಂದೊ ಹಚ್ಚಿ.

ಊಹೆಗೆ ‘ಇರ್ ಆ’ ಹಾಕಬಾರ್ದಾ? ‘ಬಾ ಆ ಎಸ್ತಾರ್ ಎನ್ ಕಾಸ’?

ಹಾಗಂದ್ರೆ ಮುಂದೆ ಯಾವಾಗ್ಲೋ ಮನೇಲಿರ್ತಾನೆ, ಉದಾಹರಣೆಗೆ ಸಂಜೆ ಪೂರ್ತಿ, ಅಂತಲೇ ಅರ್ಥ ಆಗೋದು. ಈಗಿನ ಊಹೆಗೆ ಅದು ಬರಲ್ಲ. ಸ್ಪೇನ್‌ನ ಆಡುಮಾತಲ್ಲಿ ‘ಬಾ ಆ ಸೆರ್’ ಅಂತ ಒಂದು ಪ್ರಯೋಗ ಇದೆ, ‘ಬಾ ಆ ಸೆರ್ ಕೆ ನೊ’ ಅಂದ್ರೆ ಅದಾಗಲ್ಲ ಬಿಡು ಅಂತ ನಗ್ತಾ ಹೇಳೋದು. ಅದನ್ನ ನುಡಿಗಟ್ಟು ಅಂತ ಹಾಗೇ ಕಲ್ತುಬಿಡಿ, ರೂಲ್ ಮಾಡೋಕೆ ಹೋಗ್ಬೇಡಿ.

ಕಣ್ಣಿಗೆ ಕಾಣ್ತಿರೋದಕ್ಕೂ ಇದನ್ನ ಹಾಕ್ಬೋದಾ?

ಬೇಡ. ಮಳೆಲಿ ನೆನೀತಾ ನಿಂತ್ಕೊಂಡು ‘ಎಸ್ತರಾ ಯೊಬಿಯೆಂದೊ’ ಅಂದ್ರೆ ಜನ ನಗ್ತಾರೆ. ಆದ್ರೆ ಎದುರಿಗಿರೋರ ಒಳಗಿನ ಸ್ಥಿತಿ ಬಗ್ಗೆ ಹೇಳ್ಬೋದು, ಊರಿಂದ ರಾತ್ರಿಯೆಲ್ಲ ಬಸ್ಸಲ್ಲಿ ಬಂದವರಿಗೆ ‘ಎಸ್ತರಾಸ್ ಕನ್ಸಾದೊ’, ಸುಸ್ತಾಗಿರುತ್ತೆ ನಿಂಗೆ. ಸುಸ್ತು ನಿಮಗೆ ಕಾಣಲ್ಲ, ಪ್ರಯಾಣದಿಂದ ಅಂದಾಜು ಮಾಡ್ತಿದೀರ, ಅದಕ್ಕೇ ಸರಿ, ಮತ್ತೆ ಅದು ಕಾಳಜಿಯಾಗೂ ಕೇಳ್ಸುತ್ತೆ. ತನ್ನ ಬಗ್ಗೆನೂ ಬರುತ್ತೆ: ‘ದೊಂದೆ ತೆಂದ್ರೇ ಲಾಸ್ ಯಾಬೆಸ್?’, ಕೀ ಎಲ್ಲಿಟ್ಟಿದೀನೋ ಏನೋ, ಜೇಬು ತಡಕ್ತಾ ಹೇಳೋದು.

ದೆಬೆ ದೆ, ಆ ಲೊ ಮೆಹೋರ್, ಇವೂ ಊಹೆಗೇ ಅಲ್ವಾ? ವ್ಯತ್ಯಾಸ ಏನು?

‘ಆ ಲೊ ಮೆಹೋರ್ ಎಸ್ತಾ ಎನ್ ಕಾಸ’ ಅಂದ್ರೆ ಮನೇಲಿರ್ಬೋದೇನೋ, ಅರ್ಧ ನಂಬಿಕೆ. ‘ಎಸ್ತರಾ ಎನ್ ಕಾಸ’ ಅದಕ್ಕಿಂತ ಜಾಸ್ತಿ ನಂಬಿಕೆ. ‘ದೆಬೆ ದೆ ಎಸ್ತಾರ್ ಎನ್ ಕಾಸ’ ಅನ್ನುವಾಗ ಹಿಂದೆ ಏನೋ ಸುಳಿವು ಇರುತ್ತೆ, ಲೈಟ್ ಉರೀತಿದೆ, ಕಾರ್ ನಿಂತಿದೆ, ಹಾಗಾಗಿ ಇರಲೇಬೇಕು ಅನ್ನೋ ಲೆಕ್ಕ. ಇವುಗಳ ನಡುವೆ ಗೋಡೆ ಕಟ್ಟೋಕೆ ಆಗಲ್ಲ, ಜನ ಒಂದರ ಜಾಗದಲ್ಲಿ ಇನ್ನೊಂದು ಬಳಸ್ತಾರೆ. ಒಂದು ಎಚ್ಚರ: ‘ದೆ’ ಇಲ್ಲದ ‘ದೆಬೆ ಎಸ್ತಾರ್’ ಕಡ್ಡಾಯಕ್ಕೂ ಬರುತ್ತೆ ಊಹೆಗೂ ಬರುತ್ತೆ, ‘ದೆ’ ಇರೋದನ್ನ ಮಾತ್ರ ಊಹೆಗೇ ಇಟ್ಕೊಳ್ಳಿ ಅಂತ ವ್ಯಾಕರಣದೋರು ಹೇಳ್ತಾರೆ.

ಮೆಕ್ಸಿಕೋದವ್ರ ಜೊತೆ ಮಾತಾಡ್ತೀರ ಅಂದ್ರೆ ‘ಆ ದೆ ಎಸ್ತಾರ್’ ಅನ್ನೋದನ್ನ ಕಿವಿಗೆ ಹಾಕ್ಕೊಳ್ಳಿ. ‘ಆ ದೆ ಎಸ್ತಾರ್ ದೊರ್ಮೀದೊ’, ಮಲಗಿರ್ಬೇಕು. ಮೇಲಿನ ಮ್ಯಾಡ್ರಿಡ್ ಸೀನು ಮೆಕ್ಸಿಕೋ ಸಿಟೀಲಿ ನಡೆದಿದ್ರೆ ಅಪ್ಪನ ಬಾಯಲ್ಲಿ ಎಸ್ತರಾ ಬದಲು ಇದೇ ಬರೋ ಸಾಧ್ಯತೆ ಜಾಸ್ತಿ. ಎಸ್ತರಾ ಅಂದ್ರೂ ಅಲ್ಲಿ ಎಲ್ರಿಗೂ ಅರ್ಥ ಆಗುತ್ತೆ.

ಕೇಳುವಾಗ ಇದು ಊಹೆನಾ ನಿಜವಾದ ಫ್ಯೂಚರಾ ಅಂತ ಹೇಗೆ ಗೊತ್ತಾಗೋದು?

ವಾಕ್ಯದಲ್ಲಿ ಟೈಮ್ ಪದ ನೋಡಿ. ‘ಮನ್ಯಾನ ಎಸ್ತರಾ ಎನ್ ಕಾಸ’ ನಾಳೆ, ‘ಆ ಎಸ್ತಾಸ್ ಓರಾಸ್ ಎಸ್ತರಾ ಎನ್ ಕಾಸ’ ಇಷ್ಟೊತ್ತಿಗೆ, ಊಹೆ. ಟೈಮ್ ಪದನೇ ಇಲ್ಲ ಅಂದ್ರೆ, ಎಸ್ತರಾ ತೆಗೆದು ‘ಪ್ರೊಬಾಬ್ಲೆಮೆಂತೆ ಎಸ್ತಾ’ ಹಾಕಿ ನೋಡಿ, ಬಹುಶಃ ಇದಾನೆ. ಆ ಸನ್ನಿವೇಶಕ್ಕೆ ಹೊಂದಿದ್ರೆ ಊಹೆ. ಹೊಂದದೇ ನಾಳೆ ಅನ್ನೋದು ಬೇಕು ಅನ್ಸಿದ್ರೆ ಫ್ಯೂಚರ್.

‘ಸೆರಾ ಮುಯ್ ಲಿಸ್ತೊ, ಪೆರೊ...’ ಇದು ಯಾವ ಗುಂಪು?

ಇದು ಊಹೆ ಥರ ಕಾಣುತ್ತೆ, ಆದ್ರೆ ಒಪ್ಕೊಂಡಂಗೆ ಮಾಡಿ ತಳ್ಳಿಹಾಕೋದು. ‘ಸೆರಾ ಮುಯ್ ಲಿಸ್ತೊ, ಪೆರೊ ನೊ ಸಾಬೆ ಕೊಸಿನಾರ್’, ಭಾರಿ ಬುದ್ಧಿವಂತ ಇರ್ಬೋದು, ಅಡುಗೆ ಮಾತ್ರ ಬರಲ್ಲ. ಮುಂದೆ ‘ಪೆರೊ’ ಬಂದ್ರೆ ಸೆರಾ ಅಂದಿದ್ದನ್ನ ಹೊಗಳಿಕೆ ಅಂದ್ಕೋಬೇಡಿ.

ಹಿಂದಿನ ಕಾಲದ ಊಹೆ?

ಈಗಷ್ಟೇ ಆಗಿ ಮುಗಿದಿರೋದಕ್ಕೆ ಅಬ್ರಾ ರೂಪ, ಮೇಲೆ ನೋಡಿದ್ವಿ. ಆಗ, ಆ ಹೊತ್ತಲ್ಲಿ ಹೇಗಿತ್ತೋ ಅಂತ ಊಹೆ ಮಾಡೋಕೆ ಕಂಡೀಷನಲ್: ‘ಸೆರೀಯಾನ್ ಲಾಸ್ ದಿಯೇಸ್ ಕ್ವಾಂದೊ ಯೆಗೋ’, ಅವನು ಬಂದಾಗ ಹತ್ತು ಗಂಟೆ ಆಗಿದ್ದಿರ್ಬೇಕು.

ಕನ್ನಡದವ್ರು ಮಾಡೋ ಮಾಮೂಲಿ ತಪ್ಪು ಯಾವ್ದು?

ದಿನಾ ಮಾಡೋದಕ್ಕೆ ಫ್ಯೂಚರ್ ಹಾಕೋದು. ‘ದಿನಾ ಕಾಫಿ ಕುಡೀತೀನಿ’, ‘ನಾಳೆ ಕುಡೀತೀನಿ’ ಎರಡಕ್ಕೂ ನಮ್ಮಲ್ಲಿ ರೂಪ ಒಂದೇ, ಅದೇ ಅಭ್ಯಾಸದಲ್ಲಿ ‘ತೊದೊಸ್ ಲೊಸ್ ದೀಯಾಸ್ ಬೆಬೆರೇ ಕಫೇ’ ಅಂತ ಬಂದುಬಿಡುತ್ತೆ. ಅದು ಇನ್ಮೇಲೆ ದಿನಾ ಕುಡೀತೀನಿ ಅನ್ನೋ ಶಪಥ ಆಗುತ್ತೆ. ದಿನದ ರೂಢಿಗೆ ವರ್ತಮಾನ ‘ಬೇಬೊ’ ಹಾಕಿ.

ಇನ್ನೊಂದು, ಷರತ್ತಿನ ‘ಸಿ’ ಆದ್ಮೇಲೆ ಫ್ಯೂಚರ್ ಹಾಕ್ಬಾರ್ದು. ಮಳೆ ಬಂದ್ರೆ ಹೋಗಲ್ಲ ಅನ್ನೋಕೆ ‘ಸಿ ಯುಎಬೆ, ನೊ ಬಾಮೊಸ್ ಆ ಇರ್’, ‘ಸಿ ಯೊಬೆರಾ’ ಅಲ್ಲ. ಬರ್ತಾನೋ ಇಲ್ವೋ ಗೊತ್ತಿಲ್ಲ ಅನ್ನುವಾಗ ಮಾತ್ರ ‘ನೊ ಸೇ ಸಿ ಬೆಂದ್ರಾ’ ಸರಿ, ಅಲ್ಲಿ ‘ಸಿ’ ಷರತ್ತಲ್ಲ. ಮತ್ತೆ ‘ಹೆಲ್ಪ್ ಮಾಡ್ಲಾ?’ ಅನ್ನೋಕೆ ‘ತೆ ಆಯುದರೇ?’ ಬೇಡ, ‘ತೆ ಆಯೂದೊ?’ ಅಷ್ಟೇ.